ಚೆಕ್ಕು ಬಾರದ ವರ್ಷದ ಮಾತನ್ನು ಈಗಲೇ ಹೇಳಿ: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಗಂಗಾವತಿಯಿಂದ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ,

ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಗಂಗಾವತಿಯವನು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕ್ಯಾಷ್ ಎಣಿಸಿ ನಿವೃತ್ತನಾಗಿದ್ದೇನೆ. ಕೊನೆಯ ಕೆಲವು ವರ್ಷ ಕರೆನ್ಸಿ ಚೆಸ್ಟ್, ಅಂದರೆ ರಿಸರ್ವ್ ಬ್ಯಾಂಕಿನ ನೋಟು ಇಡುವ ಭದ್ರ ಕೋಣೆ, ನನ್ನ ಜವಾಬ್ದಾರಿಯಲ್ಲಿತ್ತು. ಈಗ ಗೆಳೆಯರೊಬ್ಬರ ಭತ್ತದ ಅಂಗಡಿಯಲ್ಲಿ ದಿನಕ್ಕೆರಡು ತಾಸು ಕೂತು ಲೆಕ್ಕ ಬರೆಯುತ್ತೇನೆ.

2025ರ ಮೇ 23ರಂದು ನಿಮ್ಮ ಆಡಳಿತ ಮಂಡಳಿ ಒಂದು ತೀರ್ಮಾನ ಮಾಡಿತು. 2024-25ರ ಲೆಕ್ಕಕ್ಕೆ ಕೇಂದ್ರ ಸರ್ಕಾರಕ್ಕೆ 2,68,590 ಕೋಟಿ ರೂಪಾಯಿ ಕೊಡುವುದು ಎಂದು. ಅಲ್ಲಿಯವರೆಗೆ ಅಷ್ಟು ದೊಡ್ಡ ಮೊತ್ತವನ್ನು ರಿಸರ್ವ್ ಬ್ಯಾಂಕ್ ಯಾವ ವರ್ಷವೂ ಕೊಟ್ಟಿರಲಿಲ್ಲ. ಮರುದಿನ ಅಂಗಡಿಗೆ ಬಂದ ಭತ್ತದ ವ್ಯಾಪಾರಿಯೊಬ್ಬರು ಪೇಪರ್ ಮುಂದಿಟ್ಟು ಕೇಳಿದರು: "ಏನ್ ಸರ, ನೋಟು ಪ್ರಿಂಟ್ ಮಾಡಿ ಸರ್ಕಾರಕ್ಕ ಕೊಟ್ಟುಬಿಟ್ಟಾರಂತಲ್ರಿ?" ಹಾಗಲ್ಲ ಎಂದೆ. ಅವರು ಬಿಡಲಿಲ್ಲ. "ಲಾಭ ಬರ್ತದಂದ್ರ ನಷ್ಟಾನೂ ಬರಬೇಕಲ್ರಿ? ನಷ್ಟ ಆದ್ರ ನಮ್ ಕೈಯಾಗಿನ ನೋಟಿನ ಗತಿ ಏನ್ರಿ?"

ಆ ಎರಡನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅದನ್ನು ಸರಿಯಾಗಿ ಬಿಡಿಸಿ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಅವರಿಗೂ, ಅವರಂಥ ನೂರಾರು ಜನರಿಗೂ. ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ, ಅದನ್ನು ಕೊನೆಯಲ್ಲಿ ಇಡುತ್ತೇನೆ.

ಮೊದಲು ನೋಟಿನ ಲಾಭ ಎಲ್ಲಿಂದ ಬರುತ್ತದೆ ಅನ್ನುವುದು. ಇದನ್ನು ನಾನು ಪುಸ್ತಕದಿಂದಲ್ಲ, ಚೆಸ್ಟ್‌ನ ಕಬ್ಬಿಣದ ಬಾಗಿಲ ಮುಂದೆ ನಿಂತು ಕಲಿತೆ. ಚೆಸ್ಟ್ ಇರುವುದು ಬ್ಯಾಂಕಿನ ಕಟ್ಟಡದಲ್ಲಿ. ಬೀಗದ ಕೈ ಬ್ಯಾಂಕಿನವರ ಹತ್ತಿರ. ಆದರೆ ಒಳಗಿರುವ ನೋಟು ಬ್ಯಾಂಕಿನದಲ್ಲ, ರಿಸರ್ವ್ ಬ್ಯಾಂಕಿನದು. ನಾವು ಹತ್ತು ಕೋಟಿ ಹೊರಗೆ ತೆಗೆದರೆ ಅದೇ ದಿನ ರಿಸರ್ವ್ ಬ್ಯಾಂಕಿನಲ್ಲಿರುವ ನಮ್ಮ ಬ್ಯಾಂಕಿನ ಖಾತೆಯಿಂದ ಹತ್ತು ಕೋಟಿ ಕಳೆಯುತ್ತಾರೆ. ಒಳಗೆ ಇಟ್ಟರೆ ಅಷ್ಟೇ ಜಮೆ ಮಾಡುತ್ತಾರೆ. ನೋಟು ಯಾರಿಗೂ ಪುಕ್ಕಟೆ ಸಿಗುವುದಿಲ್ಲ.

ನವೆಂಬರ್, ಡಿಸೆಂಬರ್‌ನಲ್ಲಿ ಇಲ್ಲಿ ಭತ್ತದ ಕೊಯ್ಲು. ಎಡದಂಡೆ ಕಾಲುವೆಯ ಉದ್ದಕ್ಕೂ ಕಟಾವು ಯಂತ್ರ ಓಡುತ್ತವೆ. ರೈಸ್ ಮಿಲ್ಲಿನವರಿಗೂ ವ್ಯಾಪಾರಿಗಳಿಗೂ ಹಮಾಲರಿಗೂ ನಗದು ಬೇಕು. ಅಂಥ ಒಂದು ವಾರದಲ್ಲಿ ಹತ್ತು ಕೋಟಿ ಹೊರಗೆ ಹೋಯಿತು ಎಂದಿಟ್ಟುಕೊಳ್ಳಿ. 500ರ ನೋಟಾದರೆ ಎರಡು ಲಕ್ಷ ನೋಟು, ಸಾವಿರ ನೋಟಿನ ಇನ್ನೂರು ಬಂಡಲ್. ಒಂದು ನೋಟು ಅಚ್ಚು ಹಾಕಲು ಎರಡೂವರೆ ರೂಪಾಯಿ ಹಿಡಿದರೆ ಒಟ್ಟು ಐದು ಲಕ್ಷ ಖರ್ಚು. ಈಗ ಇನ್ನೊಂದು ಕಡೆ ನೋಡಿ. ಈ ಹತ್ತು ಕೋಟಿಗೆ ಎದುರಾಗಿ ರಿಸರ್ವ್ ಬ್ಯಾಂಕಿನ ಹತ್ತಿರ ಸರ್ಕಾರದ ಸಾಲಪತ್ರವೋ ವಿದೇಶಿ ಬಾಂಡೋ ಚಿನ್ನವೋ ಇರುತ್ತದೆ. ಅದು ಸಾಲಪತ್ರವಾಗಿದ್ದು ನೂರಕ್ಕೆ ಆರೂವರೆ ಬಡ್ಡಿ ಕೊಟ್ಟರೆ ವರ್ಷಕ್ಕೆ 65 ಲಕ್ಷ ಬಂತು. ಆದರೆ ನೋಟು ಹಿಡಿದ ರೈತನಿಗೆ ರಿಸರ್ವ್ ಬ್ಯಾಂಕ್ ಬಡ್ಡಿ ಕೊಡುವುದಿಲ್ಲ. ಜೇಬಿನಲ್ಲಿರುವ 500ರ ನೋಟು ನಾವು ರಿಸರ್ವ್ ಬ್ಯಾಂಕಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ ಇದ್ದ ಹಾಗೆ. ಅಚ್ಚಿನ ಐದು ಲಕ್ಷ ಒಂದು ಸಲದ ಖರ್ಚು, ನೋಟು ಹರಿಯುವ ತನಕ ಮತ್ತೆ ಇಲ್ಲ. ಬಡ್ಡಿ ಮಾತ್ರ ವರ್ಷ ವರ್ಷವೂ ಬರುತ್ತದೆ.

ಇದಕ್ಕೆ ಅರ್ಥಶಾಸ್ತ್ರದವರು ಸೀನ್ಯರೇಜ್ ಅನ್ನುತ್ತಾರೆ. ಹಿಂದಿನ ರಾಜರು ಬೆಳ್ಳಿ ನಾಣ್ಯ ಹೊಡೆಸಿ, ಬೆಳ್ಳಿಯ ಬೆಲೆಗಿಂತ ಜಾಸ್ತಿ ಬೆಲೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಿದ್ದ ಪಾಲಿನ ಹೆಸರು ಅದು. ನಾಣ್ಯಕ್ಕೆ ಇವತ್ತೂ ಹಾಗೇ ನಡೆಯುತ್ತದೆ, ಅದರ ಲಾಭ ನೇರವಾಗಿ ಕೇಂದ್ರ ಸರ್ಕಾರಕ್ಕೆ. ನೋಟಿನ ಲಾಭ ಮಾತ್ರ ರಿಸರ್ವ್ ಬ್ಯಾಂಕಿನ ಮೂಲಕ, ಬಡ್ಡಿಯ ರೂಪದಲ್ಲಿ ಬರುತ್ತದೆ. 2025ರ ಮಾರ್ಚ್ ಕೊನೆಗೆ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟಿನ ಮೊತ್ತ ಸುಮಾರು 37 ಲಕ್ಷ ಕೋಟಿ. ಆ ವರ್ಷ ಅಚ್ಚಿನ ಖರ್ಚು ಸುಮಾರು 6,370 ಕೋಟಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಯಾಕೆ ಲಾಭದಲ್ಲೇ ಇರುತ್ತದೆ ಅನ್ನುವುದು ತಿಳಿಯುತ್ತದೆ, ಅಲ್ವಾ? "ಪ್ರಿಂಟ್ ಮಾಡಿ ಕೊಟ್ಟರು" ಅನ್ನುವ ಮಾತು ಇಲ್ಲಿಗೆ ಮುಗಿಯಿತು. ಸರ್ಕಾರಕ್ಕೆ ಹೋದದ್ದು ಗಳಿಸಿದ ಹಣ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 47ನೇ ಕಲಮಿನ ಪ್ರಕಾರ ಖರ್ಚು, ಮೀಸಲು ಎಲ್ಲ ಕಳೆದು ಉಳಿದದ್ದನ್ನು ಕೊಡಲೇಬೇಕು.

ಹಾಗಾದರೆ ಈ ಲಾಭ ಕರಗುವುದು ಹೇಗೆ? ಅದನ್ನೂ ನಾನು ಕಣ್ಣಾರೆ ಕಂಡೆ. 2016ರ ನವೆಂಬರ್ ತಿಂಗಳಲ್ಲಿ, ಅದೇ ಕೊಯ್ಲಿನ ಹೊತ್ತಿಗೆ, 500 ಮತ್ತು 1000ದ ಹಳೆಯ ನೋಟುಗಳು ವಾಪಸ್ ಬಂದವು. ಚೆಸ್ಟ್‌ನಲ್ಲಿ ಬಂಡಲ್ ಇಡಲು ಜಾಗ ಸಾಲಲಿಲ್ಲ. ರಾತ್ರಿ ಹನ್ನೊಂದರ ತನಕ ಎಣಿಸಿದ್ದೇವೆ. ದೇಶದಲ್ಲೆಲ್ಲ ಸೇರಿ ರದ್ದಾದ 15 ಲಕ್ಷ ಕೋಟಿಗೂ ಮೀರಿದ ನೋಟಿನಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಹಿಂದಿರುಗಿತು. ಆಗ ನಮ್ಮ ಕೈ ಎಣಿಸುತ್ತಿದ್ದದ್ದು ನೋಟು ಮಾತ್ರ. ಲೆಕ್ಕದಲ್ಲಿ ಏನಾಯಿತು ಅನ್ನುವುದು ನನಗೆ ಹೊಳೆದದ್ದು ಆಮೇಲೆ.

ಮೇಲಿನ ಹತ್ತು ಕೋಟಿಯನ್ನೇ ತೆಗೆದುಕೊಳ್ಳಿ. ನೋಟು ಚೆಸ್ಟ್‌ಗೆ ವಾಪಸ್ ಬಂದ ಕೂಡಲೇ ನಮ್ಮ ಬ್ಯಾಂಕಿನ ಖಾತೆಗೆ ಹತ್ತು ಕೋಟಿ ಜಮೆಯಾಯಿತು. ಅಷ್ಟೊಂದು ಹಣಕ್ಕೆ ತಕ್ಷಣ ಸಾಲಗಾರರು ಎಲ್ಲಿ ಸಿಗುತ್ತಾರೆ? ಬ್ಯಾಂಕ್ ಅದನ್ನು ರಿಸರ್ವ್ ಬ್ಯಾಂಕಿನಲ್ಲೇ ರಿವರ್ಸ್ ರೆಪೋ ಲೆಕ್ಕದಲ್ಲಿ ಇಟ್ಟಿತು. ಹೀಗೆ ಇಟ್ಟ ಹಣಕ್ಕೆ ಕೊಡುವ ಬಡ್ಡಿಯೇ ರಿವರ್ಸ್ ರೆಪೋ ದರ, ಆಗ ಅದು ನೂರಕ್ಕೆ 5.75. ಅಂದರೆ ವರ್ಷಕ್ಕೆ ಐವತ್ತೇಳೂವರೆ ಲಕ್ಷ ಬಡ್ಡಿ ರಿಸರ್ವ್ ಬ್ಯಾಂಕ್ ಕೊಡಬೇಕಾಯಿತು. ಆಸ್ತಿಯಿಂದ ಬರುವ 65 ಲಕ್ಷ ಹಾಗೇ ಇದೆ. ಆದರೆ ಮೊದಲು ಇಡೀ 65 ಉಳಿಯುತ್ತಿತ್ತು, ಈಗ ಏಳೂವರೆ. ಬಡ್ಡಿಯಿಲ್ಲದ ಸಾಲ ಬಡ್ಡಿಯ ಸಾಲವಾಗಿ ಬದಲಾಯಿತು, ಅಷ್ಟೇ. ಜೊತೆಗೆ ಹೊಸ ನೋಟು ಅಚ್ಚು ಹಾಕುವ ಖರ್ಚು ಆ ವರ್ಷ 7,965 ಕೋಟಿಗೆ ಏರಿತು. ಮೈಸೂರಿನ ಮುದ್ರಣಾಲಯವೂ ಹಗಲು ರಾತ್ರಿ ದುಡಿದ ಕಾಲ ಅದು.

ಫಲ ಲೆಕ್ಕದಲ್ಲಿ ಕಂಡಿತು. 2015-16ಕ್ಕೆ ಸರ್ಕಾರಕ್ಕೆ 65,876 ಕೋಟಿ ಕೊಟ್ಟಿದ್ದ ರಿಸರ್ವ್ ಬ್ಯಾಂಕ್ 2016-17ಕ್ಕೆ ಕೊಟ್ಟದ್ದು 30,659 ಕೋಟಿ. ಅರ್ಧಕ್ಕಿಂತ ಕಡಿಮೆ. ನೋಟು ರದ್ದತಿ ಸರಿಯೋ ತಪ್ಪೋ ಅನ್ನುವ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ನನಗೆ ಬೇಕಾದ ಮಾತು ಬೇರೆ. ಲಾಭ ಅರ್ಧಕ್ಕಿಳಿದ ಆ ವರ್ಷ ರೂಪಾಯಿಯ ಮೇಲಿನ ನಂಬಿಕೆ ಅರ್ಧವಾಯಿತೇ? ಇಲ್ಲ. 2017ರ ಜೂನ್‌ನಲ್ಲಿ ಬೆಲೆ ಏರಿಕೆಯ ದರ ನೂರಕ್ಕೆ ಸುಮಾರು ಒಂದೂವರೆಗೆ ಇಳಿದಿತ್ತು. ಅಷ್ಟು ಕಡಿಮೆ ದರ ನಮಗೆ ಅಪರೂಪ. ರಿಸರ್ವ್ ಬ್ಯಾಂಕಿನ ಲಾಭ ಒಂದು ದಾರಿ ಹಿಡಿಯಿತು, ರೂಪಾಯಿಯ ಬೆಲೆ ಇನ್ನೊಂದು ದಾರಿ ಹಿಡಿಯಿತು.

ಇದಕ್ಕೆ ತದ್ವಿರುದ್ಧ ಸಂಗತಿ 2024-25ರ ದೊಡ್ಡ ಲಾಭದಲ್ಲಿದೆ. ಆ ವರ್ಷದ ವಾರ್ಷಿಕ ವರದಿಯ ಪ್ರಕಾರ ವಿದೇಶಿ ಸಾಲಪತ್ರಗಳ ಬಡ್ಡಿ ಸುಮಾರು 97 ಸಾವಿರ ಕೋಟಿ ಬಂದರೆ, ಡಾಲರ್ ಕೊಡು-ಕೊಳ್ಳುವ ವ್ಯವಹಾರದ ಲಾಭ ಸುಮಾರು 1.11 ಲಕ್ಷ ಕೋಟಿ. ಈ ಎರಡನೆಯದು ಹೇಗೆ ಬಂತು? ರಿಸರ್ವ್ ಬ್ಯಾಂಕ್ ಹಿಂದಿನ ವರ್ಷಗಳಲ್ಲಿ ಕಡಿಮೆ ಬೆಲೆಗೆ ಡಾಲರ್ ಕೊಂಡಿಟ್ಟಿತ್ತು. ಸರಾಸರಿ 70 ರೂಪಾಯಿಗೆ ಕೊಂಡದ್ದು ಎಂದಿಟ್ಟುಕೊಳ್ಳಿ. ರೂಪಾಯಿ ಕುಸಿಯತೊಡಗಿದಾಗ, ತೀರಾ ಬೀಳದಂತೆ ತಡೆಯಲು, ಅದೇ ಡಾಲರನ್ನು 85ಕ್ಕೆ ಮಾರಿತು. ಒಂದೊಂದು ಡಾಲರಿಗೆ 15 ರೂಪಾಯಿ ಲಾಭವಾಗಿ ಲೆಕ್ಕಕ್ಕೆ ಬಂತು. 2025ರ ಫೆಬ್ರವರಿಯಲ್ಲಿ ಡಾಲರ್ 87 ರೂಪಾಯಿ ದಾಟಿತ್ತು. ನಮ್ಮ ಮನೆಗಳಲ್ಲಿ ಹೊರದೇಶದ ಪಾಮ್ ಎಣ್ಣೆಗೆ ಜಾಸ್ತಿ ತೆರುವ ಕಾಲವೇ ರಿಸರ್ವ್ ಬ್ಯಾಂಕಿಗೆ ಲಾಭದ ಕಾಲ. ಹಾಗಿರುವಾಗ ಈ ಲಾಭವನ್ನು ದೇಶ ಚೆನ್ನಾಗಿದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಎಂದು ಓದುವುದು ತಪ್ಪು. ಮಾರಬೇಕಾಗಿ ಬಂತು, ಮಾರಿದರು, ಲಾಭ ಬಂತು. ಅದನ್ನು ಸಾಧನೆ ಎಂದು ಕುಣಿದವರಿಗೆ ಮುಂದೆ ನಷ್ಟ ಬಂದಾಗ ಅದು ಸೋಲಲ್ಲ ಎಂದು ಹೇಳುವ ಬಾಯಿ ಇರುವುದಿಲ್ಲ.

ಇನ್ನು ಮಾರದೆ ಉಳಿದ ಡಾಲರು ಮತ್ತು ಚಿನ್ನ. ಅವುಗಳ ಬೆಲೆ ಏರಿದರೆ ಅದೂ ಲಾಭವೇ ಅಲ್ಲವೇ ಎಂದು ವ್ಯಾಪಾರಿ ಕೇಳಿದರು. ಅವರದೇ ಗೋದಾಮು ತೋರಿಸಿದೆ. ನೂರು ಚೀಲ ಸೋನಾ ಮಸೂರಿ ಒಳಗಿದೆ. ಹೋದ ತಿಂಗಳಿಗಿಂತ ಚೀಲಕ್ಕೆ ಇನ್ನೂರು ರೂಪಾಯಿ ಬೆಲೆ ಏರಿದೆ. ಇಪ್ಪತ್ತು ಸಾವಿರ ಲಾಭ ಎಂದು ಮಗಳ ಮದುವೆಗೆ ಖರ್ಚು ಮಾಡುತ್ತೀರಾ? ಮಾಡಿದ ಮೇಲೆ ಬೆಲೆ ಇಳಿದರೆ? ಅವರಿಗೆ ಒಂದೇ ಏಟಿಗೆ ಅರ್ಥವಾಯಿತು. ರಿಸರ್ವ್ ಬ್ಯಾಂಕ್ ಇದನ್ನೇ ಮಾಡುತ್ತದೆ. ಚಿನ್ನ ಮತ್ತು ವಿದೇಶಿ ಹಣದ ಬೆಲೆ ಏರಿಳಿತವನ್ನು ಬೇರೆ ಖಾತೆಯಲ್ಲಿ ಬರೆದಿಡುತ್ತದೆ. ಅದನ್ನು ಲಾಭಕ್ಕೆ ಸೇರಿಸುವುದಿಲ್ಲ, ಸರ್ಕಾರಕ್ಕೆ ಕೊಡುವುದೂ ಇಲ್ಲ. ಇದು ಒಳ್ಳೆಯ ಪದ್ಧತಿ. ದಯವಿಟ್ಟು ಯಾರ ಒತ್ತಾಯಕ್ಕೂ ಬಿಡಬೇಡಿ.

ಸ್ವಿಟ್ಜರ್ಲೆಂಡಿನ ಕೇಂದ್ರೀಯ ಬ್ಯಾಂಕ್ ಈ ಏರಿಳಿತವನ್ನು ನೇರವಾಗಿ ಲಾಭ-ನಷ್ಟದಲ್ಲೇ ತೋರಿಸುತ್ತದೆ. 2022ರಲ್ಲಿ ಅದಕ್ಕೆ ಸುಮಾರು 132 ಶತಕೋಟಿ ಫ್ರಾಂಕ್ ನಷ್ಟವಾಯಿತು. 2021ರ ಲೆಕ್ಕಕ್ಕೆ ಒಕ್ಕೂಟ ಸರ್ಕಾರಕ್ಕೂ ಅಲ್ಲಿನ ರಾಜ್ಯಗಳಿಗೂ ಸೇರಿ ಆರು ಶತಕೋಟಿ ಕೊಟ್ಟಿದ್ದ ಬ್ಯಾಂಕ್ 2022ಕ್ಕೂ 2023ಕ್ಕೂ ಬಿಡಿಗಾಸು ಕೊಡಲಿಲ್ಲ. ಫ್ರಾಂಕ್ ಬಿದ್ದುಹೋಯಿತೇ? ಅದು ಲೋಕದ ಗಟ್ಟಿ ಹಣಗಳಲ್ಲಿ ಒಂದಾಗಿಯೇ ಉಳಿಯಿತು.

ಅಮೆರಿಕದ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಕೋವಿಡ್ ಹೊತ್ತಿಗೆ ಅಲ್ಲಿನ ಕೇಂದ್ರೀಯ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಕಡಿಮೆ ಬಡ್ಡಿಯ, ದೀರ್ಘ ಅವಧಿಯ ಸಾಲಪತ್ರಗಳನ್ನು ರಾಶಿ ರಾಶಿ ಕೊಂಡಿತು. ಅವುಗಳ ಬಡ್ಡಿ ವರ್ಷಗಟ್ಟಲೆ ಬದಲಾಗುವುದಿಲ್ಲ. ಆದರೆ ಕೊಳ್ಳಲು ಸೃಷ್ಟಿಸಿದ ಹಣ ಬ್ಯಾಂಕುಗಳ ಖಾತೆಯಲ್ಲಿದೆ, ಅದಕ್ಕೆ ಕೊಡುವ ಬಡ್ಡಿ ದರ ಯಾವಾಗ ಬೇಕಾದರೂ ಬದಲಾಗುತ್ತದೆ. 2022ರ ಜೂನ್‌ನಲ್ಲಿ ಬೆಲೆ ಏರಿಕೆ ನೂರಕ್ಕೆ 9.1 ಮುಟ್ಟಿತು. ಅದನ್ನು ತಗ್ಗಿಸಲು ಬಡ್ಡಿ ದರವನ್ನು ಐದರ ಮೇಲಕ್ಕೆ ಒಯ್ದರು. ಬರುವ ಬಡ್ಡಿ ಹಳೆಯದು, ಕೊಡುವ ಬಡ್ಡಿ ಹೊಸದು. 2023ರಲ್ಲಿ 114 ಶತಕೋಟಿ ಡಾಲರ್ ನಷ್ಟ. ಆದರೆ ಅದೇ 2023ರ ಜೂನ್‌ಗೆ ಬೆಲೆ ಏರಿಕೆ ಮೂರಕ್ಕೆ ಇಳಿದಿತ್ತು. ಬೆಲೆ ಏರಿಕೆ ತಗ್ಗಿಸಿದ ಔಷಧವೇ ನಷ್ಟ ತಂದಿತ್ತು. ನಷ್ಟಕ್ಕೆ ಹೆದರಿ ಬಡ್ಡಿ ಏರಿಸದೆ ಕೂತಿದ್ದರೆ ಲೆಕ್ಕಪುಸ್ತಕ ಚೆಂದ ಕಾಣುತ್ತಿತ್ತು, ಜನರ ಕಿಸೆ ಖಾಲಿಯಾಗುತ್ತಿತ್ತು. ಆ ನಷ್ಟವನ್ನು ತುಂಬಲು ಫೆಡ್ ಸರ್ಕಾರದ ಮುಂದೆ ಕೈ ಚಾಚಲಿಲ್ಲ. ಒಂದು ಖಾತೆಯಲ್ಲಿ ಬರೆದಿಟ್ಟು, ಮುಂದೆ ಬರುವ ಲಾಭದಿಂದ ಮೊದಲು ಅದನ್ನು ತೀರಿಸಿ, ಆಮೇಲೆ ಸರ್ಕಾರಕ್ಕೆ ಕೊಡುವುದು ಅದರ ಕ್ರಮ.

ಇಷ್ಟು ಹೇಳಿದ ಮೇಲೆ ನಷ್ಟ ಎಂದರೆ ಏನೂ ಅಲ್ಲ ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ಮುಳುಗಿದ ಉದಾಹರಣೆಗಳು ಇವೆ. 1980ರ ದಶಕದಲ್ಲಿ ಅರ್ಜೆಂಟೀನಾದ ಕೇಂದ್ರೀಯ ಬ್ಯಾಂಕ್ ಸರ್ಕಾರದ ಹೊರೆಯನ್ನೆಲ್ಲ ತನ್ನ ತಲೆ ಮೇಲೆ ಹೊತ್ತಿತ್ತು. ಬ್ಯಾಂಕುಗಳಿಂದ ತೆಗೆದುಕೊಂಡ ಹಣಕ್ಕೆ ದುಬಾರಿ ಬಡ್ಡಿ ಕೊಡಬೇಕಿತ್ತು, ತನ್ನ ಆಸ್ತಿಯಿಂದ ಅಷ್ಟು ಬರುತ್ತಿರಲಿಲ್ಲ. ಕೊರತೆ ತುಂಬಲು ಹೊಸ ಹಣ ಸೃಷ್ಟಿಸಿತು. ಆ ಹಣ ಬೆಲೆ ಏರಿಸಿತು, ಏರಿದ ಬೆಲೆ ಬಡ್ಡಿ ಏರಿಸಿತು, ಏರಿದ ಬಡ್ಡಿ ಕೊರತೆಯನ್ನು ಇನ್ನೂ ದೊಡ್ಡದು ಮಾಡಿತು. 1989ರಲ್ಲಿ ಅಲ್ಲಿ ಬೆಲೆ ವರ್ಷಕ್ಕೆ ನೂರಕ್ಕೆ ಮೂರು ಸಾವಿರದ ಲೆಕ್ಕದಲ್ಲಿ ಏರಿತು. ಫಿಲಿಪೈನ್ಸ್‌ನಲ್ಲಿ ಸರ್ಕಾರಿ ಕಂಪನಿಗಳ ಸಾಲ, ಡಾಲರ್ ಬೆಲೆಯ ನಷ್ಟ ಎಲ್ಲವನ್ನೂ ಹೊತ್ತ ಹಳೆಯ ಕೇಂದ್ರೀಯ ಬ್ಯಾಂಕನ್ನೇ 1993ರಲ್ಲಿ ಬದಿಗಿಟ್ಟು ಹೊಸದೊಂದನ್ನು ಕಟ್ಟಬೇಕಾಯಿತು.

ಈ ಎರಡು ಬಗೆಯ ನಷ್ಟಗಳ ನಡುವಿನ ವ್ಯತ್ಯಾಸ ಎಲ್ಲಿದೆ? ನಷ್ಟದ ಮೊತ್ತದಲ್ಲಿಲ್ಲ. ಬಡ್ಡಿಯಿಲ್ಲದ ಹಣ ಎಷ್ಟಿದೆ, ಬಡ್ಡಿ ಕೊಡಬೇಕಾದ ಹಣ ಎಷ್ಟಿದೆ ಅನ್ನುವುದರಲ್ಲಿದೆ. 2025ರ ಮಾರ್ಚ್‌ಗೆ ನಿಮ್ಮ ಒಟ್ಟು ಲೆಕ್ಕಪಟ್ಟಿಯ, ಅಂದರೆ ಬ್ಯಾಲೆನ್ಸ್ ಶೀಟಿನ, ಗಾತ್ರ ಸುಮಾರು 76 ಲಕ್ಷ ಕೋಟಿ. ಇದರಲ್ಲಿ ಹತ್ತಿರ ಹತ್ತಿರ ಅರ್ಧ ನೋಟು, ಬಡ್ಡಿಯಿಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ. ಎಲ್ಲ ಆಸ್ತಿಯೂ ಸೇರಿ ನೂರಕ್ಕೆ ಬರೀ ನಾಲ್ಕು ಗಳಿಸಿತು ಎಂದರೂ ಮೂರು ಲಕ್ಷ ಕೋಟಿ ಬಂತು. ಬ್ಯಾಂಕುಗಳು ಹತ್ತು ಲಕ್ಷ ಕೋಟಿ ತಂದಿಟ್ಟು ಅದಕ್ಕೆ ನೂರಕ್ಕೆ ಏಳರಂತೆ ಬಡ್ಡಿ ಕೊಟ್ಟರೂ ಹೋಗುವುದು 70 ಸಾವಿರ ಕೋಟಿ. ಹಾಗಾಗಿ ಅಮೆರಿಕದಂಥ ಬಡ್ಡಿಯ ನಷ್ಟ ನಮಗೆ ಸದ್ಯಕ್ಕೆ ದೂರ. ನಮ್ಮ ಅಪಾಯ ಇನ್ನೊಂದು ಕಡೆಯದು. ನಮ್ಮ ಆಸ್ತಿಯ ದೊಡ್ಡ ಪಾಲು ವಿದೇಶಿ ಹಣ ಮತ್ತು ಚಿನ್ನ. ರೂಪಾಯಿ ಬಲವಾಗಿ, ವಿದೇಶಿ ಸಾಲಪತ್ರಗಳ ಬೆಲೆಯೂ ಬಿದ್ದರೆ ಬೇರೆ ಖಾತೆಯಲ್ಲಿಟ್ಟ ಏರಿಕೆ ಕರಗುತ್ತದೆ. ಅದು ಸಾಲದಿದ್ದರೆ ಕಷ್ಟಕಾಲಕ್ಕೆಂದು ಎತ್ತಿಟ್ಟ ಮೀಸಲಿಗೆ ಕೈ ಹಾಕಬೇಕಾಗುತ್ತದೆ.

ಆ ಮೀಸಲಿನ ಅಳತೆಯನ್ನು 2019ರಲ್ಲಿ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಬಿಮಲ್ ಜಲಾನ್ ಅವರ ಸಮಿತಿ ಹಾಕಿಕೊಟ್ಟಿತು. ಲೆಕ್ಕಪಟ್ಟಿಯ ನೂರಕ್ಕೆ ಐದೂವರೆಯಿಂದ ಆರೂವರೆ. 2025ರಲ್ಲಿ ನೀವು ಅದನ್ನು ನಾಲ್ಕೂವರೆಯಿಂದ ಏಳೂವರೆ ಎಂದು ಅಗಲ ಮಾಡಿ, ಆ ವರ್ಷಕ್ಕೆ ಮೇಲಿನ ಏಳೂವರೆಯನ್ನೇ ಆರಿಸಿಕೊಂಡಿರಿ. ಲಾಭ ಬಂದ ವರ್ಷ ಕಣಜ ತುಂಬಿಸುವುದು ಸರಿಯಾದ ಕೆಲಸ. ನಮ್ಮ ಡ್ಯಾಮಿನಲ್ಲೂ ಮಳೆಗಾಲದಲ್ಲಿ ನೀರು ನಿಲ್ಲಿಸಿಕೊಂಡರೇ ಬೇಸಿಗೆ ಬೆಳೆ. ನನಗೆ ಚಿಂತೆ ಇರುವುದು ಕೆಳಗಿನ ಅಂಚಿನ ಬಗ್ಗೆ. ಮೊದಲು ಐದೂವರೆ ಇದ್ದದ್ದು ಈಗ ನಾಲ್ಕೂವರೆ. ಯಾವುದೋ ಕಷ್ಟದ ವರ್ಷ ಸರ್ಕಾರಕ್ಕೆ ಹಣ ಬೇಕಾದಾಗ ಏಳೂವರೆಯಿಂದ ನಾಲ್ಕೂವರೆಗೆ ಇಳಿಸಿ ಕೊಡಿ ಎಂದು ಕೇಳುವುದಕ್ಕೆ ಈಗ ನಿಯಮವೇ ದಾರಿ ಬಿಟ್ಟಿದೆ. 76 ಲಕ್ಷ ಕೋಟಿಯಲ್ಲಿ ನೂರಕ್ಕೆ ಮೂರು ಅಂದರೆ ಎರಡೂಕಾಲು ಲಕ್ಷ ಕೋಟಿಗಿಂತ ಜಾಸ್ತಿ. ಅಷ್ಟು ದೊಡ್ಡ ಹಣ ಕಣ್ಣೆದುರಿಗಿದ್ದರೆ ಕೇಳುವವರು ಇದ್ದೇ ಇರುತ್ತಾರೆ.

ಜಲಾನ್ ಸಮಿತಿ ಇನ್ನೊಂದು ಮಾತನ್ನೂ ಬರೆದಿತ್ತು. ಮೀಸಲು ಕೆಳಗಿನ ಅಂಚಿಗಿಂತ ಇಳಿದರೆ, ಅದು ಮತ್ತೆ ತುಂಬುವ ತನಕ ಸರ್ಕಾರಕ್ಕೆ ಏನೂ ಕೊಡುವಂತಿಲ್ಲ ಎಂದು. ಇಡೀ ವರದಿಯಲ್ಲಿ ಜನರಿಗೆ ಎಲ್ಲಕ್ಕಿಂತ ಹೆಚ್ಚು ತಿಳಿಯಬೇಕಾದ ಸಾಲು ಇದು. ನನ್ನ ಅಂಗಡಿಯ ಸುತ್ತಮುತ್ತ ಯಾರಿಗೂ ಇದು ಗೊತ್ತಿಲ್ಲ.

ನನ್ನ ಕೋರಿಕೆ ಈಗ. ಪ್ರತಿ ಮೇ ತಿಂಗಳು ಮಂಡಳಿ ಮೊತ್ತ ಪ್ರಕಟಿಸುವ ದಿನ ಒಂದು ದೊಡ್ಡ ಅಂಕಿಯೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದು ಎಲ್ಲಿಂದ ಬಂತು ಅನ್ನುವ ವಿವರ ವಾರ್ಷಿಕ ವರದಿಯಲ್ಲಿ ಆಮೇಲೆ ಬರುತ್ತದೆ. ಅಷ್ಟರೊಳಗೆ ಪೇಪರಿನವರು ಅದನ್ನು ಬಂಪರ್ ಎಂದೋ ಉಡುಗೊರೆ ಎಂದೋ ಬರೆದಿರುತ್ತಾರೆ. ಅದೇ ದಿನ, ಅದೇ ಹಾಳೆಯಲ್ಲಿ, ಬಡ್ಡಿಯಿಂದ ಎಷ್ಟು, ಡಾಲರ್ ಮಾರಿ ಎಷ್ಟು, ಮೀಸಲಿಗೆ ಎಷ್ಟು ಎಂದು ಬಿಡಿಸಿ ಹೇಳಿ. ಕನ್ನಡದಲ್ಲೂ ಹೇಳಿ. ಕೊಡಲು ಏನೂ ಇಲ್ಲದ ವರ್ಷ ಬಂದರೆ ಏನು ಮಾಡುತ್ತೀರಿ ಅನ್ನುವ ಆ ಸಾಲನ್ನೂ ಕೆಳಗೆ ಸೇರಿಸಿ. ಲಾಭದ ವರ್ಷ ಹೇಳಿದರೆ ಜನ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಷ್ಟವಾದ ದಿನ ಮೊದಲ ಸಲ ಹೇಳಿದರೆ ನೆಪ ಹೇಳುತ್ತಿದ್ದೀರಿ ಎಂದುಕೊಳ್ಳುತ್ತಾರೆ, ಬ್ಯಾಂಕಿನ ಮುಂದೆ ಸಾಲು ಹಚ್ಚುತ್ತಾರೆ. ಆ ಸಾಲು ಹೇಗಿರುತ್ತದೆ ಅನ್ನುವುದನ್ನು ನಾನು 2016ರಲ್ಲಿ ಕೌಂಟರಿನ ಈಚೆಯಿಂದ ನೋಡಿದ್ದೇನೆ.

ಹಣಕಾಸು ಸಚಿವಾಲಯದವರೂ ಈ ಪತ್ರ ಓದಿದರೆ ಅವರಿಗೂ ಒಂದು ಮಾತು. ರಿಸರ್ವ್ ಬ್ಯಾಂಕಿನಿಂದ ಬರುವ ಹಣವನ್ನು ಬಜೆಟ್‌ನಲ್ಲಿ ಮೊದಲೇ ಆದಾಯ ಎಂದು ಬರೆದುಕೊಂಡು, ಅದರ ಮೇಲೆ ಪ್ರತಿ ವರ್ಷದ ಖರ್ಚು ಕಟ್ಟಬೇಡಿ. ಬಂದ ವರ್ಷ ಸಾಲ ತೀರಿಸಲು ಬಳಸಿ.

ಆ ವ್ಯಾಪಾರಿ ಈಗಲೂ ದಿನಾ ಅಂಗಡಿಗೆ ಬರುತ್ತಾರೆ. ಮುಂದಿನ ಮೇ ತಿಂಗಳು ನಿಮ್ಮ ಪ್ರಕಟಣೆ ಕನ್ನಡದಲ್ಲಿ ಬಂದರೆ ಅದನ್ನು ಪ್ರಿಂಟ್ ತೆಗೆಸಿ ಅವರ ಕೈಗೆ ಕೊಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಹೆಡ್ ಕ್ಯಾಷಿಯರ್
ಗಂಗಾವತಿ, ಕೊಪ್ಪಳ ಜಿಲ್ಲೆ